ಉತ್ತರ ಸರಿಯೇ? ಮ್ಯಾಟ್ರಿಕ್ಸನ್ನೇ ಕೇಳಿ

ಒಂದು ಮ್ಯಾಟ್ರಿಕ್ಸ್‌ನಿಂದ ಗುಣಿಸಿದಾಗ ಹೆಚ್ಚಿನ ಸದಿಶಗಳು ದಿಕ್ಕು ಬದಲಿಸುತ್ತವೆ. ಕೆಲವು ಮಾತ್ರ ತಮ್ಮ ರೇಖೆಯಲ್ಲೇ ಉಳಿದು ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ. ಅವೇ ಐಗನ್ ಸದಿಶಗಳು. ಎಷ್ಟು ಪಟ್ಟು ಎಂಬುದೇ ಐಗನ್ ಮೌಲ್ಯ.

ಪದವಿಯ ಎರಡನೇ ವರ್ಷದ ಅಭ್ಯಾಸ ಹಾಳೆಯಲ್ಲಿ ಬರುವಂಥ ಲೆಕ್ಕವೊಂದನ್ನು ನೋಡೋಣ. ಮೇಲಿನ ಸಾಲು 4, 1. ಕೆಳಗಿನ ಸಾಲು 2, 3. ಲಾಕ್ಷಣಿಕ ಸಮೀಕರಣ (4−λ)(3−λ) − 2 = 0. ಬಿಡಿಸಿದರೆ λ² − 7λ + 10 = 0; ಮೌಲ್ಯಗಳು 5 ಮತ್ತು 2.

ವಿದ್ಯಾರ್ಥಿಗಳು ಎಡವುವುದು ಈ ಬಿಡಿಸುವಿಕೆಯಲ್ಲೇ. ಕೊನೆಯ 2ನ್ನು ಕಳೆಯಲು ಮರೆತರೆ λ² − 7λ + 12 ಬಂದು, 3 ಮತ್ತು 4 ಎಂಬ ಚೊಕ್ಕ ಉತ್ತರ ಸಿಗುತ್ತದೆ. ಚೊಕ್ಕವಾಗಿರುವುದರಿಂದಲೇ ಅನುಮಾನ ಬರುವುದಿಲ್ಲ. ಮೌಲ್ಯಗಳ ಮೊತ್ತ ಮುಖ್ಯ ಕರ್ಣದ ಮೊತ್ತಕ್ಕೆ, ಅಂದರೆ 7ಕ್ಕೆ ಸಮವಿರಬೇಕು. ಈ ತಪ್ಪು ಉತ್ತರವೂ ಅಲ್ಲಿ ಪಾಸಾಗುತ್ತದೆ. ಸಿಕ್ಕಿಬೀಳುವುದು ಗುಣಲಬ್ಧದಲ್ಲಿ: ನಿರ್ಧಾರಕ 12 − 2 = 10, ಇಲ್ಲಿ ಬಂದದ್ದು 12. ಹಾಗಾಗಿ ಎರಡೂ ಪರೀಕ್ಷೆ ಬೇಕು.

ಸದಿಶಗಳ ಪರೀಕ್ಷೆ ಇನ್ನೂ ನೇರ. (1, 1)ನ್ನು ಗುಣಿಸಿದರೆ (5, 5), ಸರಿಯಾಗಿ ಐದು ಪಟ್ಟು. ಮೌಲ್ಯ 2ಕ್ಕೆ 2x + y = 0 ಬರುತ್ತದೆ. ಚಿಹ್ನೆ ತಪ್ಪಿ (1, 2) ಎಂದು ಬರೆದರೆ ಗುಣಲಬ್ಧ (6, 8). ಇದು (1, 2)ರ ಯಾವ ಪಟ್ಟೂ ಅಲ್ಲ. (1, −2) ಇಟ್ಟರೆ (2, −4), ಎರಡು ಪಟ್ಟು.

ತಪ್ಪು ಮೌಲ್ಯವಾದ 3ನ್ನು ಹಿಡಿದು ಹೊರಟರೆ x + y = 0, 2x = 0 ಬಂದು ಶೂನ್ಯ ಸದಿಶವಷ್ಟೇ ಉಳಿಯುತ್ತದೆ. ಅದು ಯಾವ ಮೌಲ್ಯಕ್ಕೂ ಹೊಂದುವುದರಿಂದ ಐಗನ್ ಸದಿಶವೆಂದು ಒಪ್ಪುವುದಿಲ್ಲ. ಅಲ್ಲಿಗೆ ಬಂದು ನಿಂತವರು ಸಮೀಕರಣವನ್ನು ಮತ್ತೆ ಬಿಡಿಸಬೇಕು.