ಔಟ್‌ಪುಟ್ ಸರಿ, ಪ್ರೋಗ್ರಾಂ ತಪ್ಪು

"ಮೇಡಂ, ಔಟ್‌ಪುಟ್ ಬಂತು." ಲ್ಯಾಬ್‌ನಲ್ಲಿ ಈ ಮಾತು ಕಿವಿಗೆ ಬಿದ್ದ ಕೂಡಲೇ ರೆಕಾರ್ಡ್‌ಗೆ ಸಹಿ ಹಾಕಿ ಮುಂದಿನ ಕಂಪ್ಯೂಟರ್‌ನತ್ತ ಹೋಗುವುದು ನನಗೆ ರೂಢಿಯಾಗಿಬಿಟ್ಟಿತ್ತು. ಆ ರೂಢಿ ಬಿಡಿಸಿದ್ದು ಎಂಟು ಸಾಲಿನ ಒಂದು ಪ್ರೋಗ್ರಾಂ.

ಪ್ರಶ್ನೆ ಸುಲಭದ್ದೇ. ತರಗತಿಯ ಅಂಕಗಳ ಪಟ್ಟಿ ಕೊಟ್ಟರೆ ಎರಡನೇ ಅತಿ ಹೆಚ್ಚು ಅಂಕ ಯಾವುದೆಂದು ಹೇಳಬೇಕು. ಮಾದರಿಗೆಂದು 45, 82, 67, 91 ಕೊಟ್ಟಿದ್ದೆ, ಉತ್ತರ 82. ಒಬ್ಬ ವಿದ್ಯಾರ್ಥಿನಿ ಪೈಥಾನ್‌ನಲ್ಲಿ ಹೀಗೆ ಬರೆದಿದ್ದಳು:

```python
def f(a):
    x = 0
    y = 0
    for i in a:
        if i > x:
            y = x
            x = i
    return y
```

ಇಲ್ಲಿ `x` ಎಂದರೆ ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಅಂಕ. ಅದನ್ನು ಮೀರಿಸುವ ಅಂಕ ಬಂದಾಗ ಹಳೆಯದು ಎರಡನೇ ಸ್ಥಾನಕ್ಕೆ, ಅಂದರೆ `y`ಗೆ ಇಳಿಯುತ್ತದೆ. ಮೊದಲು 45 ಮೇಲೆ ಕೂರುತ್ತದೆ, 82 ಬಂದು ಅದನ್ನು ಇಳಿಸುತ್ತದೆ, ಕೊನೆಗೆ 91 ಬಂದು 82ನ್ನು ಇಳಿಸುತ್ತದೆ. ಪರದೆಯ ಮೇಲೆ 82 ಬಂತು. ಸರಿಯುತ್ತರ.

ಅದೇ ನಾಲ್ಕು ಅಂಕಗಳನ್ನು ತಿರುಗಿಸಿ 91, 82, 67, 45 ಎಂದು ಕೊಟ್ಟೆ. ಉತ್ತರ 0 ಬಂತು. 91 ಮೊದಲೇ ಬಂದು ಕೂತಿದ್ದರಿಂದ ಅದನ್ನು ಮೀರಿಸುವವರು ಯಾರೂ ಇಲ್ಲ. `y` ಇದ್ದಲ್ಲೇ ಉಳಿಯಿತು. ದೊಡ್ಡದಕ್ಕಿಂತ ಚಿಕ್ಕದಾದ, ಆದರೆ ಎರಡನೆಯದಕ್ಕಿಂತ ದೊಡ್ಡದಾದ ಅಂಕ ಬಂದರೆ ಏನು ಮಾಡಬೇಕೆಂದು ಪ್ರೋಗ್ರಾಂನಲ್ಲಿ ಎಲ್ಲೂ ಹೇಳಿಲ್ಲ. ನನ್ನ ಮಾದರಿಯಲ್ಲಿ ಅತಿ ದೊಡ್ಡ ಅಂಕ ಕೊನೆಗೆ, ಎರಡನೆಯದು ಅದಕ್ಕೂ ಮೊದಲು ಇದ್ದದ್ದರಿಂದಷ್ಟೇ ಉತ್ತರ ಕೂಡಿಬಂದಿತ್ತು. ತಪ್ಪು ಅವಳದು ಎಷ್ಟೋ, ಮಾದರಿ ಆರಿಸಿದ ನನ್ನದೂ ಅಷ್ಟೇ.

ವಿದ್ಯಾರ್ಥಿಗಳ ಪ್ರೋಗ್ರಾಂಗಳನ್ನು ಯಂತ್ರದಿಂದಲೇ ತಿದ್ದಿಸುವ ಪದ್ಧತಿ ಹಳೆಯದು. 1960ರಷ್ಟು ಹಿಂದೆಯೇ ಅಮೆರಿಕದ ರೆನ್ಸೆಲಾರ್ ಪಾಲಿಟೆಕ್ನಿಕ್‌ನಲ್ಲಿ ಜ್ಯಾಕ್ ಹಾಲಿಂಗ್ಸ್‌ವರ್ತ್ ಅಂಥ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ದೊಡ್ಡ ತರಗತಿಗೆ ಅದು ಬೇಕೇ ಬೇಕು. ಆದರೆ ಔಟ್‌ಪುಟ್ಟನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರ ಎರಡೂ ಕಡೆ ಎಡವುತ್ತದೆ. ಮೇಲಿನ ಪ್ರೋಗ್ರಾಂಗೆ ಅದು ಪೂರ್ತಿ ಅಂಕ ಕೊಡುತ್ತದೆ. ಎಲ್ಲ ಪಟ್ಟಿಗೂ ಸರಿಯಾಗಿ ಕೆಲಸ ಮಾಡಿ, 82ರ ಜೊತೆ ಒಂದು ಪೂರ್ಣವಿರಾಮ ಹೆಚ್ಚಿಗೆ ಮುದ್ರಿಸಿದ ಹುಡುಗನಿಗೆ ಸೊನ್ನೆ ಹಾಕುತ್ತದೆ.

ಓದಲು ಸುಲಭವಾಗಿರಬೇಕು ಎಂದಾಗ ಮಕ್ಕಳು ಅದನ್ನು ಅಕ್ಷರ ದುಂಡಗಿರಲಿ ಎಂಬ ಮಾತಿನ ಹಾಗೆ ಕೇಳಿಸಿಕೊಳ್ಳುತ್ತಾರೆ. ನಾನು ಅವಳಿಗೆ ಹೇಳಿದ್ದು ಒಂದೇ: "ಹೆಸರು ಬದಲಾಯಿಸಮ್ಮ, ಬೇರೇನೂ ಮುಟ್ಟಬೇಡ." `x` ಹೋಗಿ `highest`, `y` ಹೋಗಿ `second`, `i` ಹೋಗಿ `mark` ಆಯಿತು. `if mark > highest` ಎಂದು ಓದಿ ನಿಲ್ಲಿಸಿದಳು. "`second` ಜೊತೆ ಹೋಲಿಸೇ ಇಲ್ವಲ್ಲ ಮೇಡಂ!" ಎಂದಳು. `x`, `y`ಗಳ ಹಿಂದೆ ಅಡಗಿದ್ದ ಕೊರತೆ ಹೆಸರಿಟ್ಟ ತಕ್ಷಣ ಕಣ್ಣಿಗೆ ಬಿತ್ತು. ಹೀಗಾಗಿ "ಅಚ್ಚುಕಟ್ಟಾಗಿದೆ" ಎಂದು ಅಂದಾಜಿಗೆ ಅಂಕ ಕೊಡುವುದನ್ನು ಬಿಟ್ಟಿದ್ದೇನೆ. ಇಬ್ಬರು ಅಧ್ಯಾಪಕರು ಅಂದಾಜಿಗೆ ಹೊರಟರೆ ಅಂಕ ಎರಡು ಥರ ಬರುತ್ತದೆ. ಪ್ರತಿ ಹೆಸರೂ ತನ್ನೊಳಗೆ ಏನಿದೆ ಎಂದು ಹೇಳುತ್ತದೆಯೇ? ಪಕ್ಕದಲ್ಲಿ ಕೂತವರು ಈ ಪ್ರೋಗ್ರಾಂ ಓದಿ, ಮೂರನೇ ಅತಿ ಹೆಚ್ಚು ಅಂಕ ಬೇಕೆಂದರೆ ಎಲ್ಲಿ ಬದಲಿಸಬೇಕೆಂದು ತೋರಿಸಬಲ್ಲರೇ? ಇಷ್ಟನ್ನು ವೈವಾದಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಹತ್ತು ಅಂಕದಲ್ಲಿ ಇದಕ್ಕೆ ಎರಡು.

ಮೂರು ಅಂಕ ವಿದ್ಯಾರ್ಥಿ ತಾನೇ ಬರೆದ ಪರೀಕ್ಷೆಗಳಿಗೆ. ಉಳಿದ ಐದು ಪ್ರೋಗ್ರಾಂ ಸರಿಯಿರುವುದಕ್ಕೆ. ಪರೀಕ್ಷೆ ಎಂದರೆ ಇಂಥ ಒಂದು ಸಾಲು:

```python
assert f([91, 82, 67, 45]) == 82
```

ಮಕ್ಕಳ ಪರೀಕ್ಷೆಗಳಿಗೂ ಅಂಕ ಕೊಡುವ ಕ್ರಮವನ್ನು ವರ್ಜೀನಿಯಾ ಟೆಕ್‌ನ ಸ್ಟೀಫನ್ ಎಡ್ವರ್ಡ್ಸ್ ತಮ್ಮ ವೆಬ್‌ಕ್ಯಾಟ್ ಎಂಬ ವ್ಯವಸ್ಥೆಯಲ್ಲಿ ತಂದವರು. ಪರೀಕ್ಷೆ ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ? ಪ್ರೋಗ್ರಾಂನ ಎಷ್ಟು ಸಾಲುಗಳು ಅದರಿಂದ ಓಡಿದವು ಎಂದು ಎಣಿಸುವುದು ಒಂದು ದಾರಿ. ಆದರೆ ನನ್ನ ಹಳೆಯ ಮಾದರಿ ಆ ತಪ್ಪು ಪ್ರೋಗ್ರಾಂನ ಎಲ್ಲ ಸಾಲುಗಳನ್ನೂ ಓಡಿಸಿತ್ತು. ಇಲ್ಲದ ಸಾಲನ್ನು ಯಾವ ಎಣಿಕೆಯೂ ಹಿಡಿಯದು. ಅದಕ್ಕೆ ನಾನು ಬೇಕೆಂದೇ ಕೆಡಿಸಿದ ಮೂರು ಪ್ರೋಗ್ರಾಂ ಇಟ್ಟುಕೊಂಡಿದ್ದೇನೆ. ಒಂದು ಇದೇ. ಇನ್ನೊಂದು, ಇಬ್ಬರಿಗೆ 91 ಬಂದಿದ್ದರೆ ಎರಡನೆಯದೂ 91 ಎನ್ನುತ್ತದೆ; ಬೇರೆ ಬೇರೆ ಅಂಕಗಳಲ್ಲಿ ಎರಡನೆಯದು ಬೇಕೆಂದು ಈಗ ಪ್ರಶ್ನೆಯಲ್ಲೇ ಬರೆದಿದ್ದೇನೆ. ಮತ್ತೊಂದು ಪಟ್ಟಿಯ ಕೊನೆಯ ಅಂಕವನ್ನು ನೋಡುವುದೇ ಇಲ್ಲ. ವಿದ್ಯಾರ್ಥಿಯ ಪರೀಕ್ಷೆಗಳು ಸರಿಯಾದ ಪ್ರೋಗ್ರಾಂ ಅನ್ನು ಪಾಸು ಮಾಡಬೇಕು, ಈ ಮೂರನ್ನೂ ಹಿಡಿಯಬೇಕು. ಹಿಡಿದ ಒಂದೊಂದಕ್ಕೆ ಒಂದು ಅಂಕ. ನನ್ನ ಹಳೆಯ ಮಾದರಿಯನ್ನೇ ಪರೀಕ್ಷೆಯಾಗಿ ಬರೆದಿದ್ದರೆ ಮೂರನೆಯದನ್ನು ಮಾತ್ರ ಹಿಡಿಯುತ್ತಿತ್ತು.

ತಿದ್ದಿದ ಪ್ರೋಗ್ರಾಂ ಜೊತೆ ಆ ಹುಡುಗಿ ನಾಲ್ಕು ಪರೀಕ್ಷೆ ತಂದಳು. ಮೂರೂ ಸಿಕ್ಕಿಬಿದ್ದವು. ನಾಲ್ಕನೆಯ ಪಟ್ಟಿಯಲ್ಲಿ ಒಂದೇ ಅಂಕವಿತ್ತು, 70. ಅವಳ ಪ್ರೋಗ್ರಾಂ ಅದಕ್ಕೆ 0 ಎನ್ನುತ್ತಿತ್ತು, ಯಾರೋ ಸೊನ್ನೆ ತೆಗೆದ ಹಾಗೆ. ಉತ್ತರದ ಜಾಗ ಖಾಲಿ ಬಿಟ್ಟು ಕೇಳಿದಳು: "ಒಬ್ಬರೇ ಪರೀಕ್ಷೆ ಬರೆದಿದ್ರೆ ಎರಡನೆಯವರು ಯಾರು ಮೇಡಂ?" ನನ್ನ ಪ್ರಶ್ನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳಿಗೆ ಹತ್ತಕ್ಕೆ ಹತ್ತು ಹಾಕಿದೆ. ಮರುದಿನ, ಎರಡನೇ ಅಂಕವೇ ಇಲ್ಲದಿದ್ದರೆ `None` ಕೊಡಬೇಕು ಎಂಬ ಸಾಲು ಸೇರಿಸಿ ಪ್ರಶ್ನೆಯನ್ನು ಮತ್ತೆ ಬೋರ್ಡಿನ ಮೇಲೆ ಬರೆದೆ.