ಟೈರಿನ ಅಳತೆ ಸಂಕೇತದಿಂದ ಟೈರಿನ ವ್ಯಾಸ ಹಾಗೂ ವೇಗಮಾಪಕದ ವ್ಯತ್ಯಾಸವನ್ನು ಅಂದಾಜು ಮಾಡುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಬಳಸಿದ ಕಾರನ್ನು ಖರೀದಿಸಿ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವವರು ಈಗ ಬಹುಮಟ್ಟಿಗೆ ವಾಹನದ ಛಾಯಾಚಿತ್ರಗಳನ್ನು ನೋಡಿಯೇ ವ್ಯವಹಾರವನ್ನು ಆರಂಭಿಸುತ್ತಾರೆ. ಈ ಚಿತ್ರಗಳಲ್ಲಿ ಟೈರಿನ ಪಾರ್ಶ್ವಭಾಗವು ಸ್ಪಷ್ಟವಾಗಿ ಕಾಣುತ್ತಿದ್ದಲ್ಲಿ, ಅದರ ಮೇಲೆ ಅಚ್ಚಾಗಿರುವ ಅಳತೆ ಸಂಕೇತದಿಂದ ಎರಡು ವಿಷಯಗಳನ್ನು ತಿಳಿಯಬಹುದು. ಮೊದಲನೆಯದು, ವಾಹನಕ್ಕೆ ತಯಾರಕರು ಅಳವಡಿಸಿದ ಅಳತೆಯ ಟೈರೇ ಇದೆಯೇ ಎಂಬುದು. ಎರಡನೆಯದು, ಇಲ್ಲದಿದ್ದಲ್ಲಿ ವೇಗಮಾಪಕ ಮತ್ತು ಕಿಲೋಮೀಟರ್ ಮಾಪಕಗಳು ತೋರಿಸುವ ಅಂಕಿಗಳು ಎಷ್ಟರಮಟ್ಟಿಗೆ ಬದಲಾಗಿವೆ ಎಂಬುದು. ಈ ಲೆಕ್ಕವನ್ನು ಮಾಡುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ಟೈರು ಬದಲಾದರೆ ಮಾಪಕವು ಏಕೆ ತಪ್ಪುತ್ತದೆ?

ವೇಗಮಾಪಕವು ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಅಥವಾ ಗೇರ್ ಬಾಕ್ಸಿನ ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ ವಾಹನವು ಎಷ್ಟು ದೂರ ಸಾಗುತ್ತದೆ ಎಂಬುದನ್ನು ತಯಾರಕರು ಮೂಲ ಟೈರಿನ ಅಳತೆಗೆ ಅನುಗುಣವಾಗಿ ನಿಗದಿಪಡಿಸಿರುತ್ತಾರೆ. ಮಾಲೀಕರು ದೊಡ್ಡ ವ್ಯಾಸದ ಟೈರನ್ನು ಹಾಕಿಸಿದರೆ ಪ್ರತಿ ಸುತ್ತಿಗೂ ವಾಹನವು ಹೆಚ್ಚು ದೂರ ಸಾಗುತ್ತದೆ. ಆದರೆ ಮಾಪಕವು ಹಳೆಯ ಲೆಕ್ಕವನ್ನೇ ಹಿಡಿದು ಕಡಿಮೆ ವೇಗವನ್ನೂ ಕಡಿಮೆ ಕಿಲೋಮೀಟರನ್ನೂ ತೋರಿಸುತ್ತದೆ. ವ್ಯಾಸ ಚಿಕ್ಕದಾದರೆ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ.

2. ಸಂಕೇತವನ್ನು ಓದುವುದು ಹೇಗೆ?

ಉದಾಹರಣೆಗೆ 165/80 R14 85T ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. ಇದರಲ್ಲಿ 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂಬುದು ಪಾರ್ಶ್ವಭಾಗದ ಎತ್ತರ. ಆದರೆ ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ ಪ್ರಮಾಣ. R ಅಕ್ಷರವು ರೇಡಿಯಲ್ ಟೈರು ಎಂಬುದನ್ನು ಸೂಚಿಸುತ್ತದೆ. 14 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಕೊನೆಯ 85T ಎಂಬುದು ಟೈರು ಹೊರಬಲ್ಲ ಭಾರ (515 ಕಿ.ಗ್ರಾಂ) ಮತ್ತು ಗರಿಷ್ಠ ವೇಗವನ್ನು (ಗಂಟೆಗೆ 190 ಕಿ.ಮೀ.) ಸೂಚಿಸುವುದರಿಂದ ವ್ಯಾಸದ ಲೆಕ್ಕಕ್ಕೆ ಇದನ್ನು ಸೇರಿಸಿಕೊಳ್ಳಬಾರದು.

ಒಂದು ಇಂಚಿಗೆ 25.4 ಮಿ.ಮೀ. ಆಗಿದ್ದು, ಪಾರ್ಶ್ವಭಾಗವು ರಿಮ್ಮಿನ ಮೇಲೂ ಕೆಳಗೂ ಇರುವ ಕಾರಣ ಅದರ ಎತ್ತರವನ್ನು ಎರಡು ಬಾರಿ ಕೂಡಬೇಕು.

```
ವ್ಯಾಸ = (ರಿಮ್ × 25.4) + (2 × ಅಗಲ × ಶೇಕಡಾ ÷ 100)
```

ಅದರಂತೆ 165/80 R14 ಟೈರಿಗೆ ರಿಮ್ಮಿನ ಭಾಗ 355.6 ಮಿ.ಮೀ., ಪಾರ್ಶ್ವಭಾಗದ ಎತ್ತರ 132 ಮಿ.ಮೀ. ಒಟ್ಟು ವ್ಯಾಸ 355.6 + 264 = 619.6 ಮಿ.ಮೀ.

3. ಒಂದು ಉದಾಹರಣೆ

ಖರೀದಿದಾರರೊಬ್ಬರು ನೋಡಿದ ಕಾರಿಗೆ ತಯಾರಕರು ನಿಗದಿಪಡಿಸಿದ ಅಳತೆ 165/80 R14 ಎಂದು ಭಾವಿಸೋಣ. ಈ ಅಳತೆಯು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಗಾಳಿ ಒತ್ತಡದ ಚೀಟಿಯಲ್ಲಿಯೂ ವಾಹನದ ಕೈಪಿಡಿಯಲ್ಲಿಯೂ ದೊರೆಯುತ್ತದೆ. ಆದರೆ ಮಾರಾಟಗಾರರು ಕಳುಹಿಸಿದ ಚಿತ್ರದಲ್ಲಿ 205/65 R15 ಎಂದಿದೆ. ವಿಚಾರಿಸಿದಾಗ, 185/65 R15 ಟೈರು ಈ ಕಾರಿಗೆ ಹೊಂದುತ್ತದೆ, ಇದೂ 65ರದೇ ಟೈರು, ಸ್ವಲ್ಪ ಅಗಲ ಮಾತ್ರ ಹೆಚ್ಚು ಎಂಬ ಉತ್ತರ ಬಂದಿದೆ.

ಈ ಉತ್ತರವನ್ನು ಲೆಕ್ಕದಿಂದ ಪರಿಶೀಲಿಸಬಹುದು.

(ಅ) 185/65 R15: ರಿಮ್ಮಿನ ಭಾಗ 381 ಮಿ.ಮೀ., ಪಾರ್ಶ್ವಭಾಗ 120.25 ಮಿ.ಮೀ. ಒಟ್ಟು ವ್ಯಾಸ 621.5 ಮಿ.ಮೀ. ಮೂಲ ಟೈರಿಗಿಂತ ಶೇ. 0.3 ಮಾತ್ರ ಹೆಚ್ಚು.

(ಆ) 205/65 R15: ರಿಮ್ಮಿನ ಭಾಗ 381 ಮಿ.ಮೀ., ಪಾರ್ಶ್ವಭಾಗ 133.25 ಮಿ.ಮೀ. ಒಟ್ಟು ವ್ಯಾಸ 647.5 ಮಿ.ಮೀ. ಮೂಲ ಟೈರಿಗಿಂತ ಶೇ. 4.5 ಹೆಚ್ಚು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ರಿಮ್ಮು 14 ಇಂಚಿನಿಂದ 15 ಇಂಚಿಗೆ ಹೆಚ್ಚಿದ ಮಾತ್ರಕ್ಕೆ ಮಾಪಕವು ತಪ್ಪಲಿಲ್ಲ. ಪಾರ್ಶ್ವಭಾಗವು ಅದಕ್ಕೆ ತಕ್ಕಂತೆ ಕುಗ್ಗಿರುವುದರಿಂದ ಒಟ್ಟು ವ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಆದರೆ 65 ಎಂಬ ಸಂಖ್ಯೆಯನ್ನು ಹಾಗೆಯೇ ಇಟ್ಟು ಅಗಲವನ್ನು ಮಾತ್ರ ಹೆಚ್ಚಿಸಿದಾಗ ಟೈರಿನ ಎತ್ತರವೂ ಹೆಚ್ಚಿತು. 205ರ ಶೇ. 65 ಎಂಬುದು 185ರ ಶೇ. 65ಕ್ಕಿಂತ ದೊಡ್ಡದು. ಅಗಲ ಮಾತ್ರ ಹೆಚ್ಚಾಗಿದೆ ಎಂಬ ಹೇಳಿಕೆಯು ಈ ಕಾರಣದಿಂದ ಸರಿಯಲ್ಲ.

4. ಮಾಪಕದ ಮೇಲಿನ ಪರಿಣಾಮ

```
ಹೊಸ ಟೈರಿನ ವೇಗ = ಮೂಲ ಟೈರಿನ ವೇಗ × (ಹೊಸ ವ್ಯಾಸ ÷ ಮೂಲ ವ್ಯಾಸ)
```

ಮೂಲ ಟೈರಿನಲ್ಲಿ ಮಾಪಕವು ನಿಖರವಾಗಿ 60 ತೋರಿಸುತ್ತಿದ್ದ ಕಾರು, 205/65 R15 ಟೈರಿನಲ್ಲಿ ಅದೇ 60ರ ಅಂಕಿಯಲ್ಲಿ 62.7 ಕಿ.ಮೀ. ವೇಗದಲ್ಲಿರುತ್ತದೆ. 80ರ ಅಂಕಿಯಲ್ಲಿ ನಿಜವಾದ ವೇಗ 83.6 ಕಿ.ಮೀ.

ಆದರೆ ತಯಾರಕರು ವೇಗಮಾಪಕವನ್ನು ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಹೆಚ್ಚಾಗಿಯೇ ತೋರಿಸುವಂತೆ ಹೊಂದಿಸಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 39ರಂತೆ ಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಆದ್ದರಿಂದ ಮೇಲಿನ ಲೆಕ್ಕವು ಮೂಲ ಸ್ಥಿತಿಯಿಂದ ಆದ ಬದಲಾವಣೆಯನ್ನು ತಿಳಿಸುತ್ತದೆಯೇ ಹೊರತು ಮಾಪಕದ ಒಟ್ಟು ದೋಷವನ್ನಲ್ಲ. ಮೊದಲು 60 ತೋರಿಸುವಾಗ ನಿಜವಾಗಿ 57 ಇದ್ದ ಕಾರಿನಲ್ಲಿ, ಈಗ 60 ತೋರಿಸುವಾಗ ನಿಜವಾದ ವೇಗ 59.6 ಆಗಿರುತ್ತದೆ. ಮೊದಲು 58 ಇದ್ದ ಕಾರಿನಲ್ಲಿ ಅದು 60.6 ಆಗುತ್ತದೆ. ಅಂದರೆ ತಯಾರಕರು ಬಿಟ್ಟಿದ್ದ ಸುರಕ್ಷತೆಯ ಅಂತರವು ಇಲ್ಲವಾಗಿ, ಮಿತಿಯೊಳಗಿದ್ದೇನೆ ಎಂದು ನಂಬಿದ ಚಾಲಕರು ಮಿತಿಯನ್ನು ಮೀರಿರುವ ಸಾಧ್ಯತೆ ಇರುತ್ತದೆ.

ಕಿಲೋಮೀಟರ್ ಮಾಪಕಕ್ಕೆ ಸಾಮಾನ್ಯವಾಗಿ ಇಂತಹ ಅಂತರವನ್ನು ಇಟ್ಟಿರುವುದಿಲ್ಲ. ಈ ಟೈರುಗಳ ಮೇಲೆಯೇ ಕಾರು ಓಡಿದ ಅವಧಿಯಲ್ಲಿ ಮಾಪಕವು 40,000 ಕಿ.ಮೀ. ದಾಖಲಿಸಿದ್ದಲ್ಲಿ, ನಿಜವಾಗಿ ಓಡಿದ್ದು ಸುಮಾರು 41,800 ಕಿ.ಮೀ. ಬೆಲೆ ನಿರ್ಧರಿಸುವಾಗಲೂ, ಸರ್ವೀಸಿನ ಅವಧಿ ಲೆಕ್ಕ ಹಾಕುವಾಗಲೂ ಖರೀದಿದಾರರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಸೂಕ್ತ. ಟೈರು ಯಾವಾಗ ಬದಲಾಯಿತು ಎಂಬುದನ್ನು ಬಿಲ್ಲಿನಿಂದ ತಿಳಿಯದ ಹೊರತು ಈ ವ್ಯತ್ಯಾಸವನ್ನು ಹಿಂದಿನ ಎಲ್ಲ ಕಿಲೋಮೀಟರುಗಳಿಗೂ ಅನ್ವಯಿಸಬಾರದು.

5. ಛಾಯಾಚಿತ್ರದಿಂದ ಓದುವಾಗ ವಹಿಸಬೇಕಾದ ಎಚ್ಚರಿಕೆ

ಸಂಕೇತವು ಕಪ್ಪು ರಬ್ಬರಿನ ಮೇಲೆ ಕಪ್ಪು ಉಬ್ಬಕ್ಷರವಾಗಿರುವುದರಿಂದ ಎದುರು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ 6 ಮತ್ತು 8, 1 ಮತ್ತು 7 ಒಂದೇ ರೀತಿ ಕಾಣುತ್ತವೆ. ಟೈರನ್ನು ಒರೆಸಿ, ಅಕ್ಷರಗಳ ಮೇಲೆ ಸೀಮೆಸುಣ್ಣವನ್ನು ಉಜ್ಜಿ, ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟು ಮತ್ತೊಂದು ಚಿತ್ರ ತೆಗೆಯುವಂತೆ ಮಾರಾಟಗಾರರನ್ನು ಕೋರಬಹುದು.

ಕಾರಿನ ಇಂತಹ ಸಂಕೇತದಲ್ಲಿ ಅಗಲವು 5ರಿಂದ ಕೊನೆಗೊಳ್ಳುತ್ತದೆ. ಶೇಕಡಾ ಸಂಖ್ಯೆಯು 0 ಅಥವಾ 5ರಿಂದ ಕೊನೆಗೊಳ್ಳುತ್ತದೆ. 206 ಅಥವಾ 63 ಎಂದು ಕಂಡುಬಂದಲ್ಲಿ ಓದಿದ್ದು ತಪ್ಪೆಂದು ತಿಳಿಯತಕ್ಕದ್ದು. ಬೇರೆಡೆ ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವೇ ಹೊರತು ಅಳತೆಯಲ್ಲ.

185 ಮತ್ತು 205ರ ನಡುವೆ ಸಂದೇಹ ಉಳಿದಲ್ಲಿ ಚಿತ್ರದಿಂದಲೇ ಪರಿಶೀಲಿಸಲು ಒಂದು ಉಪಾಯವಿದೆ. ಚಕ್ರದ ನಡುಭಾಗದ ಎತ್ತರದಲ್ಲಿ ಕ್ಯಾಮೆರಾ ಹಿಡಿದು, ಕನಿಷ್ಠ 10 ಅಡಿ ದೂರದಿಂದ ನೇರವಾಗಿ ತೆಗೆದ ಚಿತ್ರದಲ್ಲಿ ರಿಮ್ಮಿನ ವ್ಯಾಸ ಮತ್ತು ಟೈರಿನ ವ್ಯಾಸಗಳನ್ನು ಅಡ್ಡಲಾಗಿ ಅಳೆಯಬೇಕು. ಭಾರದಿಂದ ಟೈರಿನ ಕೆಳಭಾಗ ಚಪ್ಪಟೆಯಾಗಿರುವುದರಿಂದ ಲಂಬವಾಗಿ ಅಳೆಯಬಾರದು. ಕಣ್ಣಿಗೆ ಕಾಣುವ ರಿಮ್ಮಿನ ಅಂಚು ಟೈರು ಕೂರುವ ಜಾಗಕ್ಕಿಂತ ಪ್ರತಿ ಬದಿಯಲ್ಲೂ ಸುಮಾರು 17 ಮಿ.ಮೀ. ಹೊರಕ್ಕೆ ಚಾಚಿರುತ್ತದೆ. ಹೀಗಾಗಿ 15 ಇಂಚಿನ ರಿಮ್ಮು ಚಿತ್ರದಲ್ಲಿ ಸುಮಾರು 415 ಮಿ.ಮೀ.ನಂತೆ ಕಾಣುತ್ತದೆ. ಇದು 185/65 R15 ಟೈರಿನ ವ್ಯಾಸದ ಶೇ. 67ರಷ್ಟು, 205/65 R15 ಟೈರಿನ ವ್ಯಾಸದ ಶೇ. 64ರಷ್ಟು. ರಿಮ್ಮಿನ ಮೇಲೆ ಪ್ಲಾಸ್ಟಿಕ್ ವೀಲ್ ಕಪ್ ಇದ್ದಲ್ಲಿ ಈ ಉಪಾಯ ಫಲಿಸುವುದಿಲ್ಲ.

ನಾಲ್ಕು ಚಕ್ರಗಳ ಜೊತೆಗೆ ಸ್ಟೆಪ್ನಿಯ ಚಿತ್ರವನ್ನೂ ಕೇಳತಕ್ಕದ್ದು. ಟೈರುಗಳನ್ನು ಬದಲಾಯಿಸಿದವರು ಸ್ಟೆಪ್ನಿಯನ್ನು ಹಾಗೆಯೇ ಬಿಟ್ಟಿರುವುದು ಸಾಮಾನ್ಯ. ಮೂಲ ಅಳತೆ ಅಲ್ಲಿ ಉಳಿದಿರಬಹುದು.

6. ಈ ಲೆಕ್ಕದ ಮಿತಿಗಳು

ಹೊಸ ಕಾರು ಟೈರಿನ ಗಟ್ಟೆಯ ಆಳ ಸುಮಾರು 8 ಮಿ.ಮೀ. ಇರುತ್ತದೆ, ಕಾರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಟೈರು ಅಷ್ಟು ಸವೆದಾಗ ವ್ಯಾಸವು ಸುಮಾರು 13 ಮಿ.ಮೀ., ಅಂದರೆ ಶೇ. 2ರಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಶೇ. 2ಕ್ಕಿಂತ ಕಡಿಮೆ ವ್ಯತ್ಯಾಸ ಬಂದಲ್ಲಿ ಅದಕ್ಕೆ ಹೆಚ್ಚಿನ ಅರ್ಥ ಕಲ್ಪಿಸಬೇಕಾಗಿಲ್ಲ.

ಭಾರ ಹೊತ್ತು ಉರುಳುವ ಟೈರು ಸಂಕೇತದ ವ್ಯಾಸಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ವರ್ತಿಸುತ್ತದೆ. ಮೂಲ ಮತ್ತು ಹೊಸ ಟೈರುಗಳೆರಡಕ್ಕೂ ಇದು ಸುಮಾರಾಗಿ ಒಂದೇ ಪ್ರಮಾಣದಲ್ಲಿ ಅನ್ವಯಿಸುವುದರಿಂದ ಹೋಲಿಕೆಗೆ ಬಾಧೆಯಿಲ್ಲ.

ಹಳೆಯ ಓಮ್ನಿ ವ್ಯಾನುಗಳಲ್ಲಿ ಕಾಣುವ 145 R12 ಎಂಬ ಸಂಕೇತದಲ್ಲಿ ಶೇಕಡಾ ಸಂಖ್ಯೆ ಇರುವುದಿಲ್ಲ. ಅಂತಹ ರೇಡಿಯಲ್ ಟೈರಿಗೆ ಸುಮಾರು 80ರಿಂದ 82 ಎಂದು ಭಾವಿಸಬಹುದು. ಆಟೋರಿಕ್ಷಾಗಳ 4.00-8ರಂತಹ ಸಂಕೇತಗಳಿಗೆ ಮೇಲಿನ ಸೂತ್ರವು ಅನ್ವಯಿಸುವುದಿಲ್ಲ. ತಯಾರಕರ ಅಳತೆ ಪಟ್ಟಿಯನ್ನೇ ನೋಡಬೇಕು.

7. ರಸ್ತೆಯಲ್ಲಿ ಖಚಿತಪಡಿಸಿಕೊಳ್ಳುವುದು

ಕಾರನ್ನು ಓಡಿಸಿ ನೋಡುವ ಅವಕಾಶವಿದ್ದಲ್ಲಿ, ಸಂಚಾರ ವಿರಳವಾದ ನೇರ ಹೆದ್ದಾರಿಯಲ್ಲಿ ಮಾಪಕವು 60 ತೋರಿಸುವಂತೆ ಒಂದೇ ವೇಗದಲ್ಲಿ ಸಾಗಿ, ಕಿಲೋಮೀಟರ್ ಕಲ್ಲುಗಳ ನಡುವೆ 5 ಕಿ.ಮೀ. ದೂರಕ್ಕೆ ತಗಲುವ ಸಮಯವನ್ನು ಜೊತೆಯಲ್ಲಿರುವವರು ಗಡಿಯಾರದಲ್ಲಿ ನೋಡಬೇಕು. ನಿಖರವಾದ 60ಕ್ಕೆ 300 ಸೆಕೆಂಡುಗಳು ಬೇಕು. 300ಕ್ಕಿಂತ ಹೆಚ್ಚು ಬಂದಲ್ಲಿ ಮಾಪಕವು ಹೆಚ್ಚು ತೋರಿಸುತ್ತಿದೆ. ಕಡಿಮೆ, ಉದಾಹರಣೆಗೆ 287 ಸೆಕೆಂಡುಗಳು ಬಂದಲ್ಲಿ, ಕಾರು 62.7 ಕಿ.ಮೀ. ವೇಗದಲ್ಲಿ ಸಾಗಿದೆ. ಚಾಲಕರು ಸ್ವತಃ ಗಡಿಯಾರ ನೋಡಬಾರದು.

8. ಅರ್ಜಿದಾರರ ಗಮನಕ್ಕೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಂತೆ ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲ. ಆದುದರಿಂದ ತಯಾರಕರು ಆ ಮಾದರಿಗೆ ಸೂಚಿಸಿರುವ ಅಳತೆಗಳನ್ನು ಕೈಪಿಡಿಯಲ್ಲಿ ನೋಡಿ, ಚಿತ್ರದ ಸಂಕೇತದೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಹಣ ಪಾವತಿಸುವ ಮುನ್ನವೇ ಮೂಲ ಅಳತೆಯ ಟೈರುಗಳನ್ನು ಹಾಕಿಸಿಕೊಡುವಂತೆ ಮಾರಾಟಗಾರರನ್ನು ಕೇಳುವುದು ಖರೀದಿದಾರರ ಹಿತದೃಷ್ಟಿಯಿಂದ ಸೂಕ್ತವಾಗಿರುತ್ತದೆ. ಮೂಲ ವ್ಯಾಸದ ಟೈರು ಹಾಕಿದ ಕೂಡಲೇ ವೇಗಮಾಪಕವು ತಾನಾಗಿಯೇ ಮೊದಲಿನ ಲೆಕ್ಕಕ್ಕೆ ಮರಳುತ್ತದೆ; ಆದರೆ ಕಿಲೋಮೀಟರ್ ಮಾಪಕದಲ್ಲಿ ಈಗಾಗಲೇ ಕಡಿಮೆಯಾಗಿ ದಾಖಲಾದ ದೂರವು ಹಾಗೆಯೇ ಉಳಿಯುತ್ತದೆ.