ಕೋನಾರ್ಧಕ ಎಲ್ಲಿಂದ ಬಂತು?

ಎರಡು ಬಾಹುಗಳು ಸಮವಾಗಿರುವ ತ್ರಿಭುಜದಲ್ಲಿ ಪಾದದ ಎರಡು ಕೋನಗಳೂ ಸಮ. ಶಾಲೆಯಲ್ಲಿ ಇದನ್ನು ಸಾಧಿಸುವ ಬಗೆ ಬಹಳ ಮಂದಿಗೆ ಈಗಲೂ ಬಾಯಿಗೆ ಬರುತ್ತದೆ. ABC ತ್ರಿಭುಜದಲ್ಲಿ AB = AC. A ಕೋನದ ಅರ್ಧಕ ಎಳೆಯಿರಿ, ಅದು BC ಯನ್ನು D ಯಲ್ಲಿ ಸೇರಲಿ. ಈಗ ABD ಮತ್ತು ACD ತ್ರಿಭುಜಗಳಲ್ಲಿ AB = AC, A ಯಲ್ಲಿರುವ ಎರಡು ಕೋನಗಳು ಸಮ, AD ಎರಡಕ್ಕೂ ಸೇರಿದ್ದು. ಬಾ.ಕೋ.ಬಾ. ನಿಯಮದಂತೆ ತ್ರಿಭುಜಗಳು ಸರ್ವಸಮ, ಆದ್ದರಿಂದ B = C. ನಾಲ್ಕೇ ಸಾಲು.

ಸುಮಾರು ಕ್ರಿ.ಪೂ. 300ರಲ್ಲಿ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಬರೆದಾಗ ಇದನ್ನೇ ಮೊದಲ ಸಂಪುಟದ ಐದನೇ ಪ್ರಮೇಯವಾಗಿಸಿದ. ಆದರೆ ಈ ನಾಲ್ಕು ಸಾಲಿನ ದಾರಿಯನ್ನು ಅವನು ಹಿಡಿಯಲಿಲ್ಲ. AB, AC ಬಾಹುಗಳನ್ನು ಪಾದದಿಂದ ಕೆಳಕ್ಕೆ ಬೆಳೆಸಿ, ಅವುಗಳ ಮೇಲೆ AF = AG ಆಗುವಂತೆ F, G ಬಿಂದುಗಳನ್ನು ಗುರುತಿಸಿದ. FC, GB ಎಳೆದ. AFC, AGB ಎಂಬ ದೊಡ್ಡ ತ್ರಿಭುಜಗಳು ಸರ್ವಸಮವೆಂದು ತೋರಿಸಿ, ಅದರಿಂದ ಸಿಕ್ಕ ಸಮತೆಗಳನ್ನು ಹಿಡಿದು BFC, CGB ಎಂಬ ಚಿಕ್ಕ ತ್ರಿಭುಜಗಳೂ ಸರ್ವಸಮವೆಂದು ತೋರಿಸಿ, ಕೊನೆಗೆ ಸಮ ಕೋನಗಳಿಂದ ಸಮ ಕೋನಗಳನ್ನು ಕಳೆದು ಪಾದಕೋನಗಳಿಗೆ ಬಂದ. ಯುರೋಪಿನಲ್ಲಿ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಇಲ್ಲಿ ಮುಗ್ಗರಿಸಿದ್ದಾರೆ; ಈ ಪ್ರಮೇಯಕ್ಕೆ ‘ಕತ್ತೆಗಳ ಸೇತುವೆ’ ಎಂಬ ಅಡ್ಡಹೆಸರೂ ಬಿತ್ತು. ಕೋನಾರ್ಧಕವೊಂದನ್ನು ಎಳೆದಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಷ್ಟು ಸುತ್ತು ಯಾಕೆ?

ಉತ್ತರ ಚಿತ್ರದಲ್ಲಿ ಸಿಗುವುದಿಲ್ಲ. ಪ್ರಮೇಯಗಳನ್ನು ಹಿಂದಕ್ಕೆ ಓದುತ್ತಾ ಹೋಗಬೇಕು. ಕೋನವನ್ನು ಎರಡು ಸಮಭಾಗ ಮಾಡುವ ರಚನೆ ಯೂಕ್ಲಿಡ್‌ನಲ್ಲಿ ಒಂಬತ್ತನೇ ಪ್ರಮೇಯ. ಕೋನದ ಎರಡು ಬಾಹುಗಳ ಮೇಲೆ ಶೃಂಗದಿಂದ ಸಮದೂರದಲ್ಲಿ ಎರಡು ಬಿಂದು ಹಿಡಿದು, ಅವನ್ನು ಸೇರಿಸುವ ರೇಖೆಯ ಮೇಲೆ ಸಮಬಾಹು ತ್ರಿಭುಜ ಕಟ್ಟಿ, ಅದರ ತುದಿಯನ್ನು ಶೃಂಗಕ್ಕೆ ಜೋಡಿಸುತ್ತಾನೆ. ಕೈವಾರ ಹಿಡಿದು ನಾವು ಮಾಡುವುದೂ ಹೆಚ್ಚುಕಡಿಮೆ ಅದೇ. ಆ ರೇಖೆ ಕೋನವನ್ನು ನಿಜವಾಗಿ ಅರ್ಧ ಮಾಡುತ್ತದೆ ಎನ್ನಲು ಬಾ.ಬಾ.ಬಾ. ನಿಯಮ ಬೇಕು. ಅದು ಎಂಟನೇ ಪ್ರಮೇಯ. ಎಂಟನೆಯದು ಏಳನೆಯದರ ಮೇಲೆ ನಿಂತಿದೆ: ಒಂದೇ ಪಾದದ ಮೇಲೆ, ಒಂದೇ ಬದಿಗೆ, ಅದೇ ಉದ್ದದ ಬಾಹುಗಳು ಎರಡು ಬೇರೆ ಬೇರೆ ಬಿಂದುಗಳಲ್ಲಿ ಕೂಡಲಾರವು. ಅಂಥ ಎರಡು ಬಿಂದುಗಳಿವೆ ಎಂದುಕೊಂಡು ಅವನ್ನು ಒಂದಕ್ಕೊಂದು ಸೇರಿಸಿದರೆ ಎರಡು ಸಮದ್ವಿಬಾಹು ತ್ರಿಭುಜಗಳು ಹುಟ್ಟುತ್ತವೆ. ಅವುಗಳ ಪಾದಕೋನಗಳು ಸಮ ಎಂಬುದರಿಂದಲೇ ವಿರೋಧಾಭಾಸ ಹೊರಡುತ್ತದೆ. ಪಾದಕೋನಗಳು ಸಮ ಎಂಬುದೇ ಐದನೇ ಪ್ರಮೇಯ.

ಐದಕ್ಕೆ ಒಂಬತ್ತು, ಒಂಬತ್ತಕ್ಕೆ ಎಂಟು, ಎಂಟಕ್ಕೆ ಏಳು, ಏಳಕ್ಕೆ ಮತ್ತೆ ಐದು. ಶಾಲೆಯ ನಾಲ್ಕು ಸಾಲನ್ನು ಯೂಕ್ಲಿಡ್‌ನ ಪುಸ್ತಕದೊಳಗೆ ತಂದಿಟ್ಟರೆ, ಸಾಧಿಸಬೇಕಾದ್ದನ್ನೇ ಬಂಡವಾಳ ಮಾಡಿಕೊಂಡಂತಾಗುತ್ತದೆ. ಅವನ ಸುತ್ತುದಾರಿಯಲ್ಲಿ ಬಳಕೆಯಾಗಿರುವ ಸರ್ವಸಮತೆ ಒಂದೇ, ನಾಲ್ಕನೇ ಪ್ರಮೇಯದ ಬಾ.ಕೋ.ಬಾ. ಆ ಹಂತದಲ್ಲಿ ಅವನ ಕೈಯಲ್ಲಿ ಬೇರೆ ಸರ್ವಸಮತಾ ನಿಯಮ ಇರಲೇ ಇಲ್ಲ.

ಇಲ್ಲಿ ಗಮನಿಸಬೇಕಾದ್ದೆಂದರೆ, ಆ ನಾಲ್ಕು ಸಾಲುಗಳಲ್ಲಿ ಒಂದೂ ಸುಳ್ಳಲ್ಲ. ಅರ್ಧಕ ಇದೆ, ತ್ರಿಭುಜಗಳು ಸರ್ವಸಮವೂ ಹೌದು. ತಪ್ಪು ಇರುವುದು ‘ಅರ್ಧಕ ಎಳೆಯಿರಿ’ ಎಂಬ, ಕಾರಣ ಕೇಳದೇ ದಾಟಿಹೋಗುವ ಸಾಲಿನ ಹಿಂದೆ. ಚಕ್ರ ಬಹುಮಟ್ಟಿಗೆ ಅಡಗುವುದೇ ರಚನೆಯ ಸಾಲಿನಲ್ಲಿ. ‘ಸರ್ವಸಮ’ ಎಂದು ಬರೆದ ಸಾಲನ್ನು ಎಲ್ಲರೂ ಪರೀಕ್ಷಿಸುತ್ತಾರೆ, ‘ಎಳೆಯಿರಿ’ ಎಂಬುದನ್ನು ಯಾರೂ ತಡೆದು ಕೇಳುವುದಿಲ್ಲ. ಅರ್ಧಕದ ಬದಲು BC ಯ ಮಧ್ಯಬಿಂದುವಿಗೆ ರೇಖೆ ಎಳೆದು ಬಾ.ಬಾ.ಬಾ. ಬಳಸಿದರೆ ಚಕ್ರ ಇನ್ನೂ ಚಿಕ್ಕದಾಗುತ್ತದೆ.

ಯೂಕ್ಲಿಡ್‌ಗಿಂತ ಮೊದಲೇ ಈ ಪ್ರಮೇಯದ ಸುತ್ತ ಇಂಥ ಅನುಮಾನ ಸುಳಿದಿತ್ತು. ಕ್ರಿ.ಪೂ. 322ರಲ್ಲಿ ತೀರಿಕೊಂಡ ಅರಿಸ್ಟಾಟಲ್ ತನ್ನ ತರ್ಕಗ್ರಂಥದಲ್ಲಿ, ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡುಬಿಡುವ ದೋಷವನ್ನು ವಿವರಿಸಲು ಎತ್ತಿಕೊಂಡ ಉದಾಹರಣೆ ಸಮದ್ವಿಬಾಹು ತ್ರಿಭುಜದ ಪಾದಕೋನಗಳದ್ದೇ. ಅವನ ಕಣ್ಣ ಮುಂದಿದ್ದ ಸಾಧನೆ ವೃತ್ತದ ಕಂಸ ಮತ್ತು ರೇಖೆಯ ನಡುವಿನ ಕೋನಗಳನ್ನು ಬಳಸುವಂಥದ್ದು. ಯೂಕ್ಲಿಡ್ ಅದನ್ನು ಬಿಟ್ಟು ಹೊಸ ದಾರಿ ಮಾಡಿಕೊಂಡಿದ್ದಾನೆ.

ಸುತ್ತೂ ಇಲ್ಲದ, ಚಕ್ರವೂ ಇಲ್ಲದ ದಾರಿ ಕಂಡದ್ದು ಸುಮಾರು ಆರು ಶತಮಾನಗಳ ನಂತರ, ಅಲೆಕ್ಸಾಂಡ್ರಿಯಾದ ಪಾಪ್ಪಸ್‌ಗೆ. ನಮಗೆ ಅದು ತಿಳಿದಿರುವುದು ಐದನೇ ಶತಮಾನದ ಪ್ರೋಕ್ಲಸ್ ಬರೆದ ವ್ಯಾಖ್ಯಾನದಿಂದ. ಪಾಪ್ಪಸ್ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಇರುವ ಒಂದೇ ತ್ರಿಭುಜವನ್ನು ಎರಡು ಸಲ ಓದುತ್ತಾನೆ: ಒಮ್ಮೆ ABC ಎಂದು, ಇನ್ನೊಮ್ಮೆ ACB ಎಂದು. ಮೊದಲನೆಯದರ AB ಎರಡನೆಯದರ AC ಗೆ ಸಮ, ಮೊದಲನೆಯದರ AC ಎರಡನೆಯದರ AB ಗೆ ಸಮ, ನಡುವಿನ A ಕೋನ ಅದೇ. ಬಾ.ಕೋ.ಬಾ. ಪ್ರಕಾರ ಎರಡೂ ಸರ್ವಸಮ. ಮೊದಲನೆಯದರ B ಗೆ ಎರಡನೆಯದರ C ಹೊಂದುತ್ತದೆ. ಮುಗಿಯಿತು. ರೇಖಾಗಣಿತದಲ್ಲಿ ಇದಕ್ಕಿಂತ ಚೆಲುವಾದ ಸಾಧನೆಯನ್ನು ನಾನು ಕಂಡಿಲ್ಲ. ಸರ್ವಸಮತೆಗೆ ಎರಡು ಬೇರೆ ತ್ರಿಭುಜಗಳು ಬೇಕೇ ಬೇಕು ಎಂದು ನಾವು ಸುಮ್ಮನೆ ನಂಬಿಕೊಂಡಿರುತ್ತೇವೆ. ನಿಯಮ ಹಾಗೆ ಹೇಳುವುದೇ ಇಲ್ಲ.

ಈಗ ಎಲ್ಲ ಭಾರವೂ ಬಾ.ಕೋ.ಬಾ. ಮೇಲೆ ಬಿತ್ತು. ಅದನ್ನು ಯೂಕ್ಲಿಡ್ ಸಾಧಿಸಿದ್ದು ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟು. ಹಾಗೆ ಎತ್ತಿಡಬಹುದು ಎಂದು ಅವನ ಯಾವ ಸ್ವಯಂಸಿದ್ಧವೂ ಬಿಡಿಸಿ ಹೇಳಿಲ್ಲ. 1557ರಲ್ಲಿ ಫ್ರಾನ್ಸಿನ ಜಾಕ್ ಪೆಲೆಟಿಯೆ ಇದನ್ನು ಹಿಡಿದು ಕೇಳಿದ. ಆಕೃತಿಗಳನ್ನು ಎತ್ತಿಡುವುದು ಸಲ್ಲುವುದಾದರೆ, ಒಂದು ರೇಖೆಯ ಉದ್ದವನ್ನು ಇನ್ನೊಂದು ಕಡೆಗೆ ಸಾಗಿಸಲು ಯೂಕ್ಲಿಡ್ ಎರಡನೇ, ಮೂರನೇ ಪ್ರಮೇಯಗಳಲ್ಲಿ ವೃತ್ತಗಳನ್ನು ಎಳೆದು ಅಷ್ಟು ಶ್ರಮಪಟ್ಟದ್ದೇಕೆ? ರೇಖೆಯನ್ನೇ ಎತ್ತಿ ಇಟ್ಟುಬಿಡಬಹುದಿತ್ತಲ್ಲ! ಇದು ಚಕ್ರವಲ್ಲ, ಬಿಟ್ಟುಹೋದ ಮೆಟ್ಟಿಲು. ಎರಡನ್ನೂ ಪತ್ತೆಮಾಡುವ ಬಗೆ ಒಂದೇ: ಪ್ರತಿ ಸಾಲಿನ ಪಕ್ಕದಲ್ಲಿ ಅದಕ್ಕೆ ಆಧಾರ ಯಾವುದೆಂದು ಬರೆದು, ಆ ಆಧಾರದ ಆಧಾರವನ್ನೂ ಕೇಳುತ್ತಾ ಹೋಗುವುದು. ಹೊರಟಲ್ಲಿಗೇ ಮರಳಿ ಬಂದರೆ ಚಕ್ರ. ಸ್ವಯಂಸಿದ್ಧ ಮುಟ್ಟುವ ಮೊದಲೇ ಉತ್ತರ ನಿಂತುಹೋದರೆ ಅಲ್ಲೊಂದು ಮೆಟ್ಟಿಲು ಇಲ್ಲ.

1899ರಲ್ಲಿ ಜರ್ಮನಿಯ ಡೇವಿಡ್ ಹಿಲ್ಬರ್ಟ್ ರೇಖಾಗಣಿತದ ತಳಹದಿಯನ್ನು ಮತ್ತೆ ಕಟ್ಟಿದಾಗ ಆ ಮೆಟ್ಟಿಲನ್ನು ಸಾಧಿಸಲು ಹೋಗಲಿಲ್ಲ. ಬಾ.ಕೋ.ಬಾ. ನಿಯಮದ ತಿರುಳನ್ನೇ ಸ್ವಯಂಸಿದ್ಧವಾಗಿ ಇಟ್ಟ. ಪಾದಕೋನಗಳ ಪ್ರಮೇಯವನ್ನು ಅದರಿಂದ ಪಡೆದದ್ದು ಪಾಪ್ಪಸ್‌ನ ಹಾದಿಯಲ್ಲೇ, ತ್ರಿಭುಜವನ್ನು ಎರಡು ಸಲ ಓದಿ. ಬಾ.ಬಾ.ಬಾ. ಅದರ ನಂತರ ಬರುತ್ತದೆ.

ಹಾಗಾದರೆ ಶಾಲೆಯ ನಾಲ್ಕು ಸಾಲು ತಪ್ಪೇ? ಅದು ಯಾವುದನ್ನು ಮೊದಲು ಒಪ್ಪಿಕೊಂಡಿದ್ದೇವೆ ಎಂಬುದರ ಮೇಲೆ ನಿಂತಿದೆ. 1932ರಲ್ಲಿ ಅಮೆರಿಕದ ಜಾರ್ಜ್ ಬಿರ್ಕಾಫ್ ಅಳತೆಪಟ್ಟಿ ಮತ್ತು ಕೋನಮಾಪಕಗಳನ್ನೇ ಸ್ವಯಂಸಿದ್ಧಗಳೊಳಗೆ ಸೇರಿಸಿದ. ಪ್ರತಿ ಕೋನಕ್ಕೂ ಒಂದು ಸಂಖ್ಯೆ ಇದೆ, ಪ್ರತಿ ಸಂಖ್ಯೆಗೂ ಒಂದು ಕಿರಣ ಇದೆ ಎಂದು ಮೊದಲೇ ಒಪ್ಪಿಕೊಂಡರೆ 70 ಡಿಗ್ರಿಯ ಕೋನಕ್ಕೆ 35ರಲ್ಲಿ ಅರ್ಧಕ ಸಿಕ್ಕೇ ಸಿಗುತ್ತದೆ, ಬಾ.ಬಾ.ಬಾ. ಹತ್ತಿರ ಸುಳಿಯಬೇಕಾಗಿಲ್ಲ. ಬಾ.ಕೋ.ಬಾ. ಯನ್ನೂ ಸ್ವಯಂಸಿದ್ಧವಾಗಿ ಹಿಡಿದರೆ ಚಕ್ರ ಕಳಚಿತು. ಆ ಅರ್ಧಕ BC ಯನ್ನು B ಮತ್ತು C ಗಳ ನಡುವೆಯೇ ಮುಟ್ಟುತ್ತದೆ ಎಂಬುದಕ್ಕೆ ಮಾತ್ರ ಇನ್ನೊಂದು ಸಾಲು ಬರೆಯಬೇಕು.